ಬಿಲ್ ಬಂದ ಮೇಲೆ ಮೂರು ಕಾಗದ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ

ಗೊಬ್ಬರದಂಗಡಿಯಿಂದ ವಾಟ್ಸಾಪ್‌ಗೆ ಬಿಲ್ ಬಂದ ಕೂಡಲೇ ನಾವು ಹೆಚ್ಚಿನವರು ನೋಡೋದು ಕೆಳಗಡೆ ಇರುವ ಒಟ್ಟು ಮೊತ್ತವನ್ನ. ಮಾತಾಡಿಕೊಂಡ ಲೆಕ್ಕಕ್ಕೆ ಹತ್ತಿರ ಇದ್ದರೆ ಯುಪಿಐ ಮಾಡಿ ಮುಗಿಸಿಬಿಡುತ್ತೇವೆ. ಸ್ವಲ್ಪ ಜಾಗ್ರತೆ ಇರುವವರು ಹಳೇ ಮೆಸೇಜ್ ತೆಗೆದು ರೇಟು ಸರಿ ಇದೆಯಾ ಅಂತ ನೋಡ್ತಾರೆ. ಅದೂ ಸಾಲದು. ರೇಟು ಸರಿ ಇದ್ದು ಮಾಲೇ ಕಡಿಮೆ ಬಂದಿದ್ದರೆ ಆ ಮೆಸೇಜಿನಲ್ಲಿ ಅದು ಗೊತ್ತಾಗೋದಿಲ್ಲ.

ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಹಳೇ ಪದ್ಧತಿಯೊಂದಿದೆ. ಇಂಗ್ಲಿಷಿನಲ್ಲಿ ಥ್ರೀ-ವೇ ಮ್ಯಾಚಿಂಗ್ ಅಂತಾರೆ. ನಾವು ಮೂರು ಕಾಗದ ತಾಳೆ ನೋಡೋದು ಅನ್ನೋಣ. ಮೊದಲನೇದು ನಾವು ಕೊಟ್ಟ ಆರ್ಡರ್: ಏನು ಬೇಕು, ಎಷ್ಟು ಬೇಕು, ಯಾವ ರೇಟಿಗೆ. ಎರಡನೇದು ಮಾಲು ಇಳಿಸಿಕೊಂಡ ಲೆಕ್ಕ: ನಿಜವಾಗಿ ಏನು ಬಂತು, ಎಷ್ಟು ಬಂತು. ಮೂರನೇದು ಅಂಗಡಿಯವರ ಬಿಲ್. ಬಿಲ್ಲಿನಲ್ಲಿರುವ ರೇಟನ್ನು ಆರ್ಡರ್ ಜೊತೆ ನೋಡಬೇಕು, ಬಿಲ್ಲಿನಲ್ಲಿರುವ ಸಂಖ್ಯೆಯನ್ನು ಇಳಿಸಿಕೊಂಡ ಲೆಕ್ಕದ ಜೊತೆ ನೋಡಬೇಕು. ಎರಡೂ ಕೂಡಿಬಂದರೆ ಮಾತ್ರ ದುಡ್ಡು.

ಕೇಳೋಕೆ ಆಫೀಸಿನ ಕೆಲಸದ ಥರ ಇದೆ. ಆದರೆ ಮೂರು ಜನ ಸೇರಿ ಒಂದು ಲೋಡು ಮಾಲು ತರಿಸಿದಾಗ ಇದು ಎಷ್ಟು ದುಡ್ಡಿನ ವಿಷಯ ಅನ್ನೋದಕ್ಕೆ ನಮ್ಮದೇ ಒಂದು ಖರೀದಿಯನ್ನು ಸಾಲು ಸಾಲಾಗಿ ಬಿಡಿಸಿ ಹೇಳ್ತೀನಿ.

ಆರ್ಡರ್: ವಾಟ್ಸಾಪ್ ಮೆಸೇಜೇ ಸಾಕು, ಆದರೆ ಪೂರ್ತಿ ಇರಬೇಕು

ನಾವು ಅಕ್ಕಪಕ್ಕದ ಮೂರು ತೋಟದವರು ಹೋದ ನವೆಂಬರ್‌ನಲ್ಲಿ ಟೊಮೇಟೊ ಮತ್ತು ದಪ್ಪ ಮೆಣಸಿನಕಾಯಿಗೆ ಅಂತ ಒಟ್ಟು 8 ಎಕರೆಗೆ ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ತರಿಸಿದೆವು. ಮೂವರಲ್ಲಿ ಒಬ್ಬರಿಗೆ ಒಂದೂಕಾಲು ಎಕರೆಯಷ್ಟು ಜಾಗಕ್ಕೆ ಹೊಸ ಡ್ರಿಪ್ ಲ್ಯಾಟರಲ್ಲೂ ಬೇಕಿತ್ತು. ಎಲ್ಲಾ ಒಂದೇ ಅಂಗಡಿಯಿಂದ. ಫೋನಿನಲ್ಲಿ ರೇಟು ಮಾತಾಡಿ ಮುಗಿದ ಮೇಲೆ ನಾನು ಕಳಿಸಿದ ಮೆಸೇಜ್ ಹೀಗಿತ್ತು:

ದಿನಾಂಕ 4-11-2025.
1) ಬೇವಿನ ಹಿಂಡಿ, 40 ಕೆಜಿ ಚೀಲ: 60 ಚೀಲ. ಚೀಲಕ್ಕೆ ರೂ. 1,120, ತೆರಿಗೆ ಸೇರಿ.
2) ಇನ್‌ಲೈನ್ ಲ್ಯಾಟರಲ್ 16 ಎಂಎಂ, ಡ್ರಿಪ್ಪರ್ ಅಂತರ 40 ಸೆಂಮೀ: ಒಟ್ಟು 4,000 ಮೀಟರ್, 400 ಮೀಟರಿನ 10 ರೋಲ್. ಮೀಟರಿಗೆ ರೂ. 11, ಜಿಎಸ್‌ಟಿ ಬೇರೆ.
3) ಟ್ರೈಕೋಡರ್ಮಾ ಪುಡಿ 1 ಕೆಜಿ ಪ್ಯಾಕ್: 40 ಪ್ಯಾಕ್. ಪ್ಯಾಕಿಗೆ ರೂ. 160, ತೆರಿಗೆ ಸೇರಿ. ಜೊತೆಗೆ 4 ಪ್ಯಾಕ್ ಫ್ರೀ.
ಮಾಲು ತೋಟಕ್ಕೆ ಇಳಿಸಿಕೊಡಬೇಕು, ಸಾಗಣೆ ನಿಮ್ಮದು. ಪೂರ್ತಿ ಮಾಲು ಬಂದು 15 ದಿನದೊಳಗೆ ಹಣ.

ಅದಕ್ಕೆ ಅಂಗಡಿಯವರು "ಓಕೆ ಸರ್, ಶನಿವಾರ ಮೊದಲ ಲೋಡ್" ಅಂತ ಉತ್ತರ ಕೊಟ್ಟರು. ಆ ಒಂದು ಸಾಲು ಬಹಳ ಮುಖ್ಯ. ಬರೀ ನಮ್ಮ ಮೆಸೇಜ್ ಇದ್ದರೆ ಅದು ನಮ್ಮ ಕೋರಿಕೆ ಅಷ್ಟೇ. ಅವರು ಒಪ್ಪಿದ ಮೇಲೆ ಅದು ಇಬ್ಬರ ಮಾತು. ಉತ್ತರದ ಬದಲು ಅವರು ನೀಲಿ ಟಿಕ್ ಮಾತ್ರ ತೋರಿಸಿ ಸುಮ್ಮನಾದರೆ ಇನ್ನೊಂದು ಸಲ ಕೇಳಿ, "ಇದೇ ರೇಟಿಗೆ ಆಯ್ತಲ್ಲ ಅಣ್ಣಾ" ಅಂತ. ಸಂಕೋಚ ಬೇಡ.

ಮೆಸೇಜಿನಲ್ಲಿ ನೋಡಿ, ಲ್ಯಾಟರಲ್‌ಗೆ ರೋಲೂ ಇದೆ, ಮೀಟರೂ ಇದೆ. ರೇಟು ಯಾವ ಅಳತೆಗೆ ಮಾತಾಡಿದ್ದೀವೋ ಆ ಅಳತೆ ಆರ್ಡರಿನಲ್ಲಿ ಇರಲೇಬೇಕು. ಬರೀ "10 ರೋಲ್" ಅಂತ ಬರೆದಿದ್ದರೆ ಮುಂದೆ ಹೇಳುವ ತಕರಾರಿಗೆ ನಮ್ಮ ಕೈಯಲ್ಲಿ ಆಧಾರವೇ ಇರ್ತಿರಲಿಲ್ಲ. ಬೇವಿನ ಹಿಂಡಿಗೂ ಅಷ್ಟೇ. ಚೀಲ ಅಂದರೆ 40 ಕೆಜಿಯೂ ಇರುತ್ತೆ, 50 ಕೆಜಿಯೂ ಇರುತ್ತೆ. ಸಾಗಣೆ ಯಾರದು, ತೆರಿಗೆ ಒಳಗೋ ಹೊರಗೋ ಅನ್ನೋದನ್ನೂ ಆಗಲೇ ಬರೆದುಬಿಡಿ. ಬಿಲ್ಲಿನ ಜಗಳ ಹೆಚ್ಚಾಗಿ ಶುರುವಾಗೋದು ಈ ಎರಡರಲ್ಲೇ.

ಮಾಲು ಇಳಿಸಿಕೊಂಡ ಲೆಕ್ಕ: ನಾವೇ ಎಣಿಸಿದ್ದು, ನಾವೇ ಬರೆದದ್ದು

ಮೂರರಲ್ಲಿ ನಮ್ಮ ರೈತರ ಹತ್ತಿರ ಇಲ್ಲದೇ ಇರೋದು ಈ ಎರಡನೇ ಕಾಗದ. ಕೇಳಿದರೆ "ಇದೆಯಲ್ಲ" ಅಂತ ಗಾಡಿಯವನು ಕೊಟ್ಟ ಡೆಲಿವರಿ ಚಲನ್ ತೋರಿಸ್ತಾರೆ. ಅದು ಅಂಗಡಿಯವರ ಕಾಗದ. ಅವರು ಗಾಡಿಗೆ ಏರಿಸಿದ್ದು ಎಷ್ಟು ಅಂತ ಅವರೇ ಬರೆದಿರೋದು. ಬಿಲ್ ತಯಾರಾಗೋದೂ ಅದೇ ಚಲನ್ ನೋಡಿ. ಹಾಗಾಗಿ ಚಲನ್ ಮತ್ತು ಬಿಲ್ ಎರಡನ್ನೂ ಪಕ್ಕ ಇಟ್ಟು ತಾಳೆ ನೋಡಿದರೆ ಒಂದೇ ಕೈ ಬರೆದ ಎರಡು ಪ್ರತಿ ನೋಡಿದ ಹಾಗೆ. ತಪ್ಪು ಎರಡರಲ್ಲೂ ಒಂದೇ ಥರ ಇರುತ್ತೆ, ಕಣ್ಣಿಗೆ ಬೀಳೋದೇ ಇಲ್ಲ.

ನಮ್ಮ ಲೆಕ್ಕ ಹೇಗಿರಬೇಕು ಅಂದರೆ, ಚಲನ್ ಓದುವುದಕ್ಕೆ ಮೊದಲು ಎಣಿಸಿ ಬರೆದದ್ದಾಗಿರಬೇಕು. ಚಲನ್‌ನಲ್ಲಿ 20 ಅಂತ ಓದಿಕೊಂಡು ಎಣಿಸೋಕೆ ನಿಂತರೆ ಮನಸ್ಸು 20ಕ್ಕೇ ಬಂದು ನಿಲ್ಲುತ್ತೆ. ದೊಡ್ಡ ಗೋದಾಮುಗಳಲ್ಲಿ ಮಾಲು ಇಳಿಸಿಕೊಳ್ಳುವವರಿಗೆ ಸಂಖ್ಯೆ ಇಲ್ಲದ ಆರ್ಡರ್ ಪ್ರತಿ ಕೊಡುವ ರೂಢಿ ಇರೋದು ಇದೇ ಕಾರಣಕ್ಕೆ. ನಮಗೆ ಅಷ್ಟೆಲ್ಲಾ ಬೇಡ. ಎಣಿಸಿ, ಪುಸ್ತಕದಲ್ಲಿ ಬರೆದು, ಆಮೇಲೆ ಗಾಡಿಯವನ ಕೈಯಿಂದ ಚಲನ್ ಇಸ್ಕೊಂಡರೆ ಸಾಕು.

ನಮ್ಮ ಲೋಡು ಎರಡು ಸಲ ಬಂತು. ನವೆಂಬರ್ 8ಕ್ಕೆ ಬಂದ ಗಾಡಿಯಲ್ಲಿ ಬೇವಿನ ಹಿಂಡಿ 40 ಚೀಲ, ಲ್ಯಾಟರಲ್ 10 ರೋಲ್, ಟ್ರೈಕೋಡರ್ಮಾ 44 ಪ್ಯಾಕ್. ಇಳಿಸಿಕೊಂಡವರು ಪಕ್ಕದ ತೋಟದ ಹುಡುಗ, ನನಗಿಂತ ಚುರುಕು. ಅವನು ರೋಲ್ ಎಣಿಸಿ ಸುಮ್ಮನಾಗಲಿಲ್ಲ, ಪ್ರತಿಯೊಂದು ರೋಲಿನ ಲೇಬಲ್ಲಿಗೂ ಒಂದೊಂದು ಫೋಟೋ ಹೊಡೆದ. 8 ರೋಲಿನ ಮೇಲೆ 400 ಮೀಟರ್ ಅಂತಿತ್ತು, 2 ರೋಲಿನ ಮೇಲೆ 300 ಮೀಟರ್. ಒಂದರ ಮೇಲೊಂದು ಪೇರಿಸಿದರೆ ಈ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಕಾಣೋದಿಲ್ಲ. ಅಲ್ಲಿಗೆ ಬಂದದ್ದು 3,800 ಮೀಟರ್. ಪುಸ್ತಕದಲ್ಲಿ ಹಾಗೇ ಬರೆದ: "400 × 8, 300 × 2".

ನವೆಂಬರ್ 12ಕ್ಕೆ ಎರಡನೇ ಗಾಡಿ. ಬೇವಿನ ಹಿಂಡಿ 20 ಚೀಲ ಬಂತು. ಆದರೆ ಕೆಳಗಡೆ ಇದ್ದ 2 ಚೀಲ ನೆನೆದು ಒಳಗೆ ಗಂಟು ಕಟ್ಟಿತ್ತು, ಬೂಸಲು ವಾಸನೆ. ಅದನ್ನು ಅದೇ ಗಾಡಿಯಲ್ಲಿ ವಾಪಸ್ ಕಳಿಸಿದೆವು. ಇಂಥ ಸಮಯದಲ್ಲಿ ಚಲನ್ ಮೇಲೆ ಸಹಿ ಹಾಕುವ ಮುಂಚೆ ಅದರ ಮೇಲೇ ಪೆನ್ನಿನಲ್ಲಿ ಬರೆಯಬೇಕು: "18 ಚೀಲ ಮಾತ್ರ ಪಡೆದಿದೆ, 2 ಚೀಲ ನೆನೆದದ್ದು, ವಾಪಸ್". ಡ್ರೈವರ್ ಕೈಯಲ್ಲೂ ಅದರ ಕೆಳಗೆ ಸಹಿ ಹಾಕಿಸಿ. ಅವನ ಪ್ರತಿಯ ಮೇಲೂ ಇದೇ ಬರಹ ಇರಬೇಕು. ಆಮೇಲೆ ಫೋಟೋ.

ತೂಕದ ಬಗ್ಗೆ ಒಂದು ಮಾತು. 60 ಚೀಲ ತೂಗೋಕೆ ಯಾರಿಗೂ ಪುರುಸೊತ್ತಿಲ್ಲ. ಮೇಲಿಂದ, ನಡುವಿನಿಂದ, ಕೆಳಗಿಂದ ಅಂತ ಐದು ಚೀಲ ಆರಿಸಿ ತೂಗುವ ತಕ್ಕಡಿಗೆ ಹಾಕಿ. ಖಾಲಿ ಚೀಲದ ತೂಕ ಕಳೆಯೋದು ಮರೀಬೇಡಿ. ಐದೂ 40ರ ಹತ್ತಿರ ಇದ್ದರೆ ಮುಂದಕ್ಕೆ ಹೋಗಿ. ಎರಡು ಮೂರರಲ್ಲಿ ಕಡಿಮೆ ಬಂದರೆ ಆಗ ಇನ್ನಷ್ಟು ತೂಗಿ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ ಟಿಪ್ಪರ್ ಲೆಕ್ಕದಲ್ಲಿ ತರಿಸುವವರು ಆರ್ಡರನ್ನು ಲೋಡಿನಲ್ಲಿ ಮಾಡಿದ್ದರೆ ಲೋಡನ್ನೇ ಎಣಿಸಿ. ಟನ್ನಿನಲ್ಲಿ ಮಾಡಿದ್ದರೆ ವೇ ಬ್ರಿಡ್ಜ್ ಚೀಟಿ ಎರಡು ಬೇಕು, ತುಂಬಿದ ಗಾಡಿದು ಒಂದು, ಖಾಲಿ ಗಾಡಿದು ಒಂದು. ಲೋಡಿಗೆ ಆರ್ಡರ್ ಮಾಡಿ ಟನ್ನಿಗೆ ಬಿಲ್ ಬಂದರೆ ತಾಳೆ ನೋಡೋಕೆ ಸಾಧ್ಯವೇ ಇಲ್ಲ. ಬಿಲ್ಲನ್ನ ಆರ್ಡರಿನ ಅಳತೆಗೇ ಬದಲಿಸಿಕೊಡಿ ಅಂತ ಕೇಳಬೇಕು.

ನೀವು ಮಂಡಿಗೆ ಹೋಗಿದ್ದಾಗಲೇ ಗಾಡಿ ಬರೋದು, ಅದು ನಿಯಮ ಇದ್ದ ಹಾಗೆ. ಮನೆಯಲ್ಲಿ ಅಪ್ಪನೋ ಆಳುಗಳೋ ಇರ್ತಾರೆ, ಗಾಡಿಯವನು ತೋರಿಸಿದ ಕಡೆ ಸಹಿ ಹಾಕ್ತಾರೆ. ಅವರಿಗೆ ಉದ್ದದ ಪಾಠ ಹೇಳೋಕೆ ಹೋಗ್ಬೇಡಿ. "ಇಳಿಸಿದ್ದನ್ನ ಐದೈದರ ಸಾಲು ಮಾಡಿ ಪೇರಿಸಿ, ಗಾಡಿ ಹೋಗೋ ಮುಂಚೆ ನನಗೆ ವಿಡಿಯೋ ಕಾಲ್ ಮಾಡಿ" ಅಂತ ಹೇಳಿಟ್ಟಿರಿ. ಐದೈದರ ಸಾಲು ಇದ್ದರೆ ಫೋಟೋದಲ್ಲೇ ಎಣಿಸಬಹುದು. ಗುಡ್ಡೆ ಹಾಕಿದರೆ ಎದುರಿಗೆ ನಿಂತರೂ ಎಣಿಸೋಕೆ ಬರಲ್ಲ.

ಬಿಲ್ ಬಂತು

ನವೆಂಬರ್ 15ಕ್ಕೆ ಬಂದ ಬಿಲ್ಲಿನಲ್ಲಿ ಹೀಗಿತ್ತು. ಬೇವಿನ ಹಿಂಡಿ 60 ಚೀಲ, 1,120ರಂತೆ ರೂ. 67,200. ಲ್ಯಾಟರಲ್ 4,000 ಮೀಟರ್, 11ರಂತೆ ರೂ. 44,000, ಅದರ ಮೇಲೆ 12% ಜಿಎಸ್‌ಟಿ ರೂ. 5,280. ಟ್ರೈಕೋಡರ್ಮಾ 40 ಪ್ಯಾಕಿಗೆ ರೂ. 6,400, ಫ್ರೀ 4 ಪ್ಯಾಕಿಗೆ ಸೊನ್ನೆ. ಸಾಗಣೆ ರೂ. 1,800. ಒಟ್ಟು ರೂ. 1,24,680.

ಮೊದಲು ಆರ್ಡರ್ ಪಕ್ಕ ಇಟ್ಟು ನೋಡೋಣ. ಚೀಲದ ರೇಟು ಸರಿ, ಮೀಟರಿನ ರೇಟು ಸರಿ, ಟ್ರೈಕೋಡರ್ಮಾ ಸರಿ. ಸಾಗಣೆ ಅವರದ್ದು ಅಂತ ಒಪ್ಪಿದ್ದರು, ಆದ್ದರಿಂದ 1,800 ತಪ್ಪು. ಇನ್ನು ಜಿಎಸ್‌ಟಿ. ಡ್ರಿಪ್ ವ್ಯವಸ್ಥೆಗೆ, ಲ್ಯಾಟರಲ್ ಸೇರಿ, ಮೊದಲು 12% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5%ಗೆ ಇಳಿದಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಹಳೇ ದರವೇ ಉಳಿದುಕೊಂಡಿತ್ತು. 44,000ಕ್ಕೆ 7% ಅಂದರೆ ರೂ. 3,080 ಹೆಚ್ಚು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗೆ ಕಟ್ಟಿದ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳುವ ದಾರಿ ಇರುತ್ತೆ. ನಮ್ಮಂಥ ನೋಂದಣಿ ಇಲ್ಲದ ರೈತರಿಗೆ ಅದಿಲ್ಲ, ಹೆಚ್ಚು ಹಾಕಿದ ಪ್ರತಿ ರೂಪಾಯಿಯೂ ನೇರ ಜೇಬಿನಿಂದ. ಎಲ್ಲ ಪೈಪಿಗೂ ಇದೇ ದರ ಅಂತ ತಿಳ್ಕೋಬೇಡಿ, ಬಿಲ್ಲಿನಲ್ಲಿ ಆ ಸಾಲಿಗೆ ಬರೆದಿರುವ ಎಚ್‌ಎಸ್‌ಎನ್ ಸಂಖ್ಯೆ ನೋಡಿ ಅದರ ದರ ಹುಡುಕಿ.

ಇಲ್ಲಿಗೆ ಸಿಕ್ಕ ತಪ್ಪು 1,800 ಮತ್ತು 3,080, ಒಟ್ಟು ರೂ. 4,880. ಆರ್ಡರಿನ ಪ್ರಕಾರ ಆಗಬೇಕಿದ್ದ ಮೊತ್ತ ರೂ. 1,19,800. ಬಿಲ್ಲಿನಿಂದ 4,880 ಕಳೆದರೂ ಅಷ್ಟೇ ಬರುತ್ತೆ. ಲೆಕ್ಕ ಪೂರ್ತಿ ಕೂಡಿಬಂದ ಹಾಗೆ ಕಾಣುತ್ತೆ. ಎರಡೇ ಕಾಗದ ನೋಡುವವರು ಇಲ್ಲಿ ಖುಷಿಯಾಗಿ ಫೋನ್ ಮಾಡಿ, 4,880 ಕಡಿಮೆ ಮಾಡಿಸಿಕೊಂಡು, ದುಡ್ಡು ಕಳಿಸಿಬಿಡ್ತಾರೆ.

ಈಗ ಇಳಿಸಿಕೊಂಡ ಲೆಕ್ಕದ ಪುಟ ತೆಗೀರಿ. ಬೇವಿನ ಹಿಂಡಿ 40 ಮತ್ತು 18, ಒಟ್ಟು 58 ಚೀಲ. ಬಿಲ್ಲಿನಲ್ಲಿ 60. ಎರಡು ಚೀಲಕ್ಕೆ ರೂ. 2,240. ಲ್ಯಾಟರಲ್ ಬಂದದ್ದು 3,800 ಮೀಟರ್, ಬಿಲ್ಲಿನಲ್ಲಿ 4,000. 200 ಮೀಟರಿಗೆ ರೂ. 2,200, ಅದರ ಮೇಲಿನ 5% ತೆರಿಗೆ 110, ಒಟ್ಟು ರೂ. 2,310. ಎರಡೂ ಸೇರಿ ಇನ್ನೊಂದು ರೂ. 4,550.

ಅಂದರೆ ನಾವು ನಿಜವಾಗಿ ಕೊಡಬೇಕಾದದ್ದು ರೂ. 1,15,250. ಬಿಲ್ ಬಂದದ್ದು 1,24,680ಕ್ಕೆ. ವ್ಯತ್ಯಾಸ 9,430, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಎರಡನೇ ಕಾಗದ ಇಲ್ಲದಿದ್ದರೆ ಸಿಗ್ತಿರಲಿಲ್ಲ. 200 ಮೀಟರ್ ಲ್ಯಾಟರಲ್ ಕಡಿಮೆ ಅನ್ನೋದು ಗೊತ್ತಾಗೋದು ಕೊನೆಯ ನಾಲ್ಕೈದು ಸಾಲಿಗೆ ಪೈಪ್ ಸಾಲದೇ ಹೋದಾಗ. ಅಷ್ಟೊತ್ತಿಗೆ ದುಡ್ಡು ಹೋಗಿರುತ್ತೆ, ರೋಲ್ ಬಿಚ್ಚಿ ಹಾಸಿಯೂ ಆಗಿರುತ್ತೆ. ಲೇಬಲ್ ಎಲ್ಲಿ ಅಂದರೆ ಬೆಂಕಿಗೆ ಹಾಕಿದೆ ಅಂತಾರೆ.

ಒಂದು ವಿಷಯ ಹೇಳಲೇಬೇಕು. ಆ ಅಂಗಡಿಯವರು ಮೋಸ ಮಾಡಿದರು ಅಂತ ನಾನು ಅಂದುಕೊಂಡಿಲ್ಲ. ನಾಲ್ಕು ತಪ್ಪಿಗೂ ನಾಲ್ಕು ಬೇರೆ ಕಾರಣ ಇತ್ತು. ಡ್ರೈವರ್ ವಾಪಸ್ ಬಂದ 2 ಚೀಲವನ್ನು ಗೋದಾಮಿನಲ್ಲಿ ಇಳಿಸಿದ, ಆದರೆ ಬರೆದ ಚಲನ್ ಗಾಡಿಯಲ್ಲೇ ಉಳಿಯಿತು. ಗೋದಾಮಿನವನು ರೋಲ್ ಎಣಿಸಿದ, ಮೀಟರ್ ನೋಡಲಿಲ್ಲ. ಕಂಪ್ಯೂಟರಿನಲ್ಲಿ ಹಳೇ ತೆರಿಗೆ. ಸಾಗಣೆಯ ಮಾತು ಮಾಲೀಕರಿಗೆ ಗೊತ್ತಿತ್ತು, ಬಿಲ್ ಹಾಕುವ ಹುಡುಗಿಗೆ ಗೊತ್ತಿರಲಿಲ್ಲ. ಬಿಲ್ಲಿನ ತಪ್ಪು ಹೆಚ್ಚಾಗಿ ಹೀಗೇ ಹುಟ್ಟೋದು, ಒಬ್ಬರಿಂದ ಇನ್ನೊಬ್ಬರಿಗೆ ಮಾತು ದಾಟುವ ಜಾಗದಲ್ಲಿ. ಹಾಗಾಗಿ ಜಗಳದ ದನಿ ಬೇಕಾಗಿಲ್ಲ, ಕಾಗದ ತೋರಿಸಿದರೆ ಸಾಕು.

ಮೊಬೈಲಿನಲ್ಲಿ ತಾಳೆ

ಮೂರ್ನಾಲ್ಕು ಐಟಂ ಇದ್ದರೆ ಪೆನ್ನು ಪುಸ್ತಕದಲ್ಲೇ ಆಗುತ್ತೆ. ಹತ್ತಿಪ್ಪತ್ತು ಸಾಲಿನ ಬಿಲ್ ಆದರೆ ಗೂಗಲ್ ಶೀಟ್ಸ್ ತೆಗೀರಿ. A ಕಾಲಂನಲ್ಲಿ ಐಟಂ ಹೆಸರು, B ಆರ್ಡರ್ ಮಾಡಿದ ಸಂಖ್ಯೆ, C ಆರ್ಡರ್ ರೇಟು, D ಇಳಿಸಿಕೊಂಡ ಸಂಖ್ಯೆ, E ಬಿಲ್ಲಿನ ಸಂಖ್ಯೆ, F ಬಿಲ್ಲಿನ ರೇಟು. G ಕಾಲಂನಲ್ಲಿ ಇದನ್ನು ಹಾಕಿ ಕೆಳಗಿನವರೆಗೆ ಎಳೀರಿ:

```
=MIN(B2,D2,E2)*MIN(C2,F2)
```

ಮೂರು ಸಂಖ್ಯೆಯಲ್ಲಿ ಯಾವುದು ಕಡಿಮೆಯೋ ಅದನ್ನು, ಎರಡು ರೇಟಿನಲ್ಲಿ ಯಾವುದು ಕಡಿಮೆಯೋ ಅದರಿಂದ ಗುಣಿಸುತ್ತೆ. ತಕರಾರಿಲ್ಲದೆ ಕೊಡಬಹುದಾದ ಮೊತ್ತ ಅದು. ನಮ್ಮ ಲ್ಯಾಟರಲ್ ಸಾಲಿಗೆ 3,800 × 11, ಅಂದರೆ 41,800 ತೋರಿಸುತ್ತೆ. ತೆರಿಗೆ ಬೇರೆ ಇರುವ ಸಾಲಿಗೆ ಅದನ್ನು ಆಮೇಲೆ ಸೇರಿಸಿಕೊಳ್ಳಿ. ಫ್ರೀ ಬಂದದ್ದನ್ನು ಬೇರೆ ಸಾಲಿನಲ್ಲಿ, ರೇಟು ಸೊನ್ನೆ ಹಾಕಿ ಬರೀರಿ. 40 ಮತ್ತು 4 ಸೇರಿಸಿ 44 ಅಂತ ಬರೆದರೆ ಲೆಕ್ಕ ಗೊಂದಲ ಆಗುತ್ತೆ.

ಈ ಸೂತ್ರ ಎರಡು ಕಡೆ ನಿಮ್ಮ ಬುದ್ಧಿಯನ್ನೂ ಕೇಳುತ್ತೆ. ಆರ್ಡರ್ ಮಾಡಿದ್ದಕ್ಕಿಂತ ಹೆಚ್ಚು ಮಾಲು ಬಂದು ನೀವು ಇಟ್ಟುಕೊಂಡಿದ್ದರೆ ಅದು ಆ ಹೆಚ್ಚಿನದಕ್ಕೆ ದುಡ್ಡು ತೋರಿಸೋದಿಲ್ಲ. ವಾಪಸ್ ಕಳಿಸ್ತೀರೋ ಇಟ್ಟುಕೊಳ್ತೀರೋ ಅಂತ ತೀರ್ಮಾನ ಮಾಡಿ, ಇಟ್ಟುಕೊಳ್ಳೋದಾದರೆ ಆರ್ಡರನ್ನು ಮೆಸೇಜಿನಲ್ಲಿ ತಿದ್ದಿ ಒಪ್ಪಿಗೆ ತಗೊಳ್ಳಿ. ಇನ್ನೊಂದು, ಬಿಲ್ ನಮ್ಮ ಕಡೆಗೇ ಕಡಿಮೆ ಬಂದಿದ್ದರೆ. ಅದನ್ನೂ ಹೇಳಿ. ಇವತ್ತಲ್ಲದಿದ್ದರೆ ವರ್ಷದ ಕೊನೆಯ ಲೆಕ್ಕದಲ್ಲಿ ಅವರಿಗೆ ಅದು ಸಿಕ್ಕೇ ಸಿಗುತ್ತೆ, ಆಗ ಮುಖ ನೋಡೋಕೆ ಕಷ್ಟ.

ಮೂವತ್ತು ಪೈಸೆ, ಒಂದು ರೂಪಾಯಿ ರೌಂಡ್ ಆಫ್ ವ್ಯತ್ಯಾಸ ಬಂದರೆ ಅದಕ್ಕೆಲ್ಲ ಫೋನ್ ಮಾಡ್ಬೇಡಿ. ನಾವು ಮೂವರು ಇಡೀ ಬಿಲ್ಲಿಗೆ 50 ರೂಪಾಯಿವರೆಗೆ ಬಿಟ್ಟುಬಿಡೋದು ಅಂತ ಮಾತಾಡಿಕೊಂಡಿದ್ದೀವಿ. ನಿಮ್ಮ ಮಿತಿ ನೀವು ಇಟ್ಟುಕೊಳ್ಳಿ, ಆದರೆ ಬಿಲ್ ನೋಡುವ ಮೊದಲೇ ಇಟ್ಟುಕೊಳ್ಳಿ.

ತಪ್ಪು ಸಿಕ್ಕ ಮೇಲೆ

ಪೂರ್ತಿ ದುಡ್ಡು ಕೊಟ್ಟು "ಮುಂದಿನ ಸಲ ಹಿಡ್ಕೊಳ್ಳಿ" ಅನ್ನೋದು ನಮ್ಮ ಕಡೆ ಬಹಳ ಇದೆ. ಮುಂದಿನ ಸಲಕ್ಕೆ ಅಂಗಡಿಯಲ್ಲಿ ಹುಡುಗ ಬದಲಾಗಿರ್ತಾನೆ. ಪೂರ್ತಿ ದುಡ್ಡು ತಡೆದು ಕೂರೋದೂ ಸರಿಯಲ್ಲ, ಸಾಲದ ಮೇಲೆ ಮಾಲು ಕೊಟ್ಟ ಅಂಗಡಿಯವರಿಗೂ ಕಂಪನಿಗೆ ಕಟ್ಟೋದಿರುತ್ತೆ. ನಾವು ತಕರಾರಿಲ್ಲದ 1,15,250 ಅವತ್ತೇ ಕಳಿಸಿದೆವು. ಜೊತೆಗೆ ಒಂದೇ ಮೆಸೇಜಿನಲ್ಲಿ ನಾಲ್ಕೂ ತಪ್ಪನ್ನು ಸಾಲಾಗಿ ಬರೆದು, ಆರ್ಡರ್ ಮೆಸೇಜಿನ ಸ್ಕ್ರೀನ್‌ಶಾಟ್, ಬರೆದ ಚಲನ್, 300 ಮೀಟರಿನ ಎರಡು ಲೇಬಲ್ ಫೋಟೋ ಹಾಕಿದೆವು.

ಕೇಳಬೇಕಾದ್ದು ಕ್ರೆಡಿಟ್ ನೋಟ್. ಬಿಲ್ಲಿನಲ್ಲಿ ಮೊತ್ತವೋ ತೆರಿಗೆಯೋ ಹೆಚ್ಚಾಗಿದ್ದರೆ, ಇಲ್ಲಾ ಮಾಲು ವಾಪಸ್ ಹೋಗಿದ್ದರೆ ಅದನ್ನು ಸರಿಪಡಿಸೋಕೆ ಜಿಎಸ್‌ಟಿ ಕಾನೂನಿನಲ್ಲೇ ಇರುವ ಕಾಗದ ಅದು. ಅದರ ಮೇಲೆ ಮೂಲ ಬಿಲ್ಲಿನ ಸಂಖ್ಯೆ ಇದೆಯಾ ನೋಡಿ. ಹಳೇ ಬಿಲ್ಲಿನ ಮೇಲೆ ಪೆನ್ನಿನಲ್ಲಿ ಹೊಡೆದು ತಿದ್ದಿಕೊಟ್ಟರೆ ಒಪ್ಪಬೇಡಿ. ಅವರ ಕಂಪ್ಯೂಟರಿನಲ್ಲಿ ಹಳೇ ಮೊತ್ತವೇ ಇರುತ್ತೆ, ಮಾರ್ಚ್‌ನಲ್ಲಿ ನಿಮ್ಮ ಹೆಸರಿಗೆ ಬಾಕಿ ತೋರಿಸುತ್ತೆ.

ಇನ್ನೊಂದು ಸೂಕ್ಷ್ಮ. ವಾಪಸ್ ಹೋದ 2 ಚೀಲಕ್ಕೆ ಬದಲಿ ಚೀಲ ಬೇಕೋ ದುಡ್ಡು ಕಳೀಬೇಕೋ, ಒಂದನ್ನೇ ಆರಿಸಿ ಬರೆದು ತಿಳಿಸಿ. ಇಲ್ಲದಿದ್ದರೆ ಕ್ರೆಡಿಟ್ ನೋಟೂ ಬರುತ್ತೆ, ಹದಿನೈದು ದಿನ ಬಿಟ್ಟು ಚೀಲವೂ ಬರುತ್ತೆ, ಅದಕ್ಕೆ ಹೊಸ ಬಿಲ್ಲೂ ಬರುತ್ತೆ. ನಮಗೆ 58 ಚೀಲ ಸಾಕಿತ್ತು, ಹಾಗಾಗಿ ದುಡ್ಡು ಕಳೆಯೋಕೆ ಹೇಳಿ ಆ ಸಾಲಿಗೆ "ಬಾಕಿ 2, ರದ್ದು" ಅಂತ ಆರ್ಡರಿನಲ್ಲಿ ಬರೆದೆವು. ಲ್ಯಾಟರಲ್ 200 ಮೀಟರ್ ಬೇಕೇ ಬೇಕಿತ್ತು. ಅದನ್ನು ಹಳೇ ಬಿಲ್ಲಿನಲ್ಲಿ ಕಳೆದು, ಹೊಸದಾಗಿ ತರಿಸಿ ಹೊಸ ಬಿಲ್ ತಗೊಂಡೆವು.

ಎರಡು ಮೂರು ಲೋಡಿನಲ್ಲಿ ಮಾಲು ಬರುವಾಗ ಒಂದೇ ಲೋಡಿಗೆ ಎರಡು ಸಲ ಬಿಲ್ ಬರೋದೂ ಉಂಟು. ಮೊದಲು ಚಲನ್ ನೋಡಿ ಒಂದು, ಆಮೇಲೆ ಎಲ್ಲಾ ಸೇರಿಸಿ ಇನ್ನೊಂದು. ಬಿಲ್ ನಂಬರ್ ಬೇರೆ ಇರೋದರಿಂದ ಹೊಸದು ಅನ್ನಿಸುತ್ತೆ. ಇದಕ್ಕೆ ಸುಲಭದ ಉಪಾಯ ಇದೆ. ಒಂದು ಬಿಲ್ ತಾಳೆಯಾದ ಕೂಡಲೇ ಇಳಿಸಿಕೊಂಡ ಲೆಕ್ಕದ ಆ ಪುಟದ ಮೇಲೆ ಆ ಬಿಲ್ಲಿನ ಸಂಖ್ಯೆ ಬರೆದುಬಿಡಿ. ಮುಂದೆ ಇನ್ನೊಂದು ಬಿಲ್ ಬಂದಾಗ ಅದಕ್ಕೆ ಹೊಂದುವ, ಇನ್ನೂ ಬಿಲ್ ಸಂಖ್ಯೆ ಬೀಳದ ಪುಟ ಸಿಗಬೇಕು. ಸಿಗದಿದ್ದರೆ ಆ ಬಿಲ್ಲಿಗೆ ಮಾಲೇ ಬಂದಿಲ್ಲ ಅಂತ ಅರ್ಥ.

ರೈತ ಉತ್ಪಾದಕ ಕಂಪನಿಯಲ್ಲಿ ನಿರ್ದೇಶಕರಾಗಿರುವ ಯುವಕರು ಇದನ್ನು ಓದುತ್ತಿದ್ದರೆ ಒಂದು ಮಾತು. ಟ್ಯಾಲಿಯಲ್ಲಿ ಪರ್ಚೇಸ್ ಆರ್ಡರ್, ರಿಸೀಟ್ ನೋಟ್, ಪರ್ಚೇಸ್ ಅಂತ ಮೂರಕ್ಕೂ ಬೇರೆ ಬೇರೆ ವೋಚರ್ ಇದೆ. ಆದರೆ ಬಿಲ್ ಬಂದ ಮೇಲೆ ಒಬ್ಬರೇ ಕೂತು ಬಿಲ್ ನೋಡಿಕೊಂಡು ಮೂರನ್ನೂ ತುಂಬಿದರೆ ಮೂರೂ ಕೂಡಿಯೇ ಕೂಡುತ್ತೆ, ಅದರಿಂದ ಏನೂ ಪ್ರಯೋಜನ ಇಲ್ಲ. ಆರ್ಡರ್ ಕೊಡುವವರು ಒಬ್ಬರು, ಗೋದಾಮಿನಲ್ಲಿ ಎಣಿಸುವವರು ಇನ್ನೊಬ್ಬರು, ಹಣ ಕಳಿಸುವವರು ಮತ್ತೊಬ್ಬರು ಇರಲಿ. ಮನೆ ತೋಟದಲ್ಲಿ ಅಷ್ಟು ಜನ ಇರಲ್ಲ, ಅಲ್ಲಿ ಅವತ್ತವತ್ತೇ ಬರೆಯೋದೊಂದೇ ದಾರಿ.

ಈ ತಾಳೆಯಿಂದ ಆಗದ ಕೆಲಸವೂ ಇದೆ. ಆರ್ಡರಿನಲ್ಲೇ ದುಬಾರಿ ರೇಟಿಗೆ ಒಪ್ಪಿದ್ದರೆ ಮೂರೂ ಕಾಗದ ಚೆನ್ನಾಗಿ ಕೂಡಿಬರುತ್ತೆ. ಬೇವಿನ ಹಿಂಡಿಗೆ ಬೇರೇನಾದರೂ ಬೆರೆಸಿದ್ದರೆ ಚೀಲದ ಲೆಕ್ಕ ಅದನ್ನು ಹೇಳೋದಿಲ್ಲ, ಅದಕ್ಕೆ ಪರೀಕ್ಷೆ ಮಾಡಿಸಬೇಕು. ಟ್ರೈಕೋಡರ್ಮಾದಂಥ ಜೀವಂತ ಮಾಲಿಗೆ ಮಾತ್ರ ಇಳಿಸಿಕೊಳ್ಳುವಾಗಲೇ ಸ್ವಲ್ಪ ಹೆಚ್ಚು ನೋಡಬಹುದು: ತಯಾರಾದ ದಿನ, ಅವಧಿ ಮುಗಿಯುವ ದಿನ, ಬ್ಯಾಚ್ ನಂಬರ್. ಎರಡು ತಿಂಗಳಲ್ಲಿ ಅವಧಿ ಮುಗಿಯುವ ಪ್ಯಾಕ್ ಫ್ರೀ ಸ್ಕೀಮಿನಲ್ಲಿ ಬರೋದು ಅಪರೂಪವೇನಲ್ಲ. ಈ ಮೂರನ್ನೂ ಅದೇ ಪುಟದಲ್ಲಿ ಬರೆದಿಟ್ಟುಕೊಂಡರೆ, ಸಾವಯವ ದೃಢೀಕರಣದವರು ಒಳಸುರಿಗಳ ದಾಖಲೆ ಕೇಳಿದಾಗಲೂ ಅದೇ ಪುಟ ತೋರಿಸಬಹುದು. ನಮ್ಮ 44 ಪ್ಯಾಕಿನ ಬ್ಯಾಚ್ ನಂಬರನ್ನು ಆ ಹುಡುಗ ನವೆಂಬರ್ 8ರ ಪುಟದಲ್ಲೇ ಲ್ಯಾಟರಲ್ ಲೆಕ್ಕದ ಕೆಳಗೆ ಬರೆದಿಟ್ಟಿದ್ದ.